5, 15, 30 ನಿಮಿಷ: ಓಪನಿಂಗ್ ರೇಂಜ್ ಆರಿಸುವುದು ಹೇಗೆ, ಸುಳ್ಳು ಬ್ರೇಕ್‌ಔಟ್ ಸೋಸುವುದು ಹೇಗೆ

ಮಾರುಕಟ್ಟೆ ತೆರೆದ ಮೇಲೆ ಮೊದಲ ಕೆಲವು ನಿಮಿಷಗಳಲ್ಲಿ ಬೆಲೆ ಮುಟ್ಟಿದ ಅತಿ ಮೇಲಿನ ಮತ್ತು ಅತಿ ಕೆಳಗಿನ ಮಟ್ಟಗಳಿಗೆ ಎರಡು ಗೆರೆ ಎಳೆಯುತ್ತೇವೆ. ಬೆಲೆ ಮೇಲಿನ ಗೆರೆ ದಾಟಿದರೆ ಕೊಳ್ಳುತ್ತೇವೆ, ಕೆಳಗಿನ ಗೆರೆ ಮುರಿದರೆ ಮಾರುತ್ತೇವೆ. ಓಪನಿಂಗ್ ರೇಂಜ್ ಬ್ರೇಕ್‌ಔಟ್ ಎಂದರೆ ಇಷ್ಟೇ. ಇದನ್ನು ಕಲಿಯಲು ಒಂದು ಸಂಜೆ ಸಾಕು. ಆದರೆ ಮರುದಿನ ಬೆಳಿಗ್ಗೆ ಚಾರ್ಟ್ ಮುಂದೆ ಕುಳಿತಾಗ ಎರಡು ಪ್ರಶ್ನೆಗಳು ಎದುರಾಗುತ್ತವೆ. ಎಷ್ಟು ನಿಮಿಷದ ರೇಂಜ್ ಹಿಡಿಯಬೇಕು? ಬೆಲೆ ಗೆರೆ ದಾಟಿತು ಎಂದು ಯಾವಾಗ ನಂಬಬೇಕು?

ಹೆಚ್ಚಿನವರು ಈ ಎರಡನ್ನೂ ಬೇರೆ ಬೇರೆಯಾಗಿ ನಿರ್ಧರಿಸುತ್ತಾರೆ. ನಾನೂ ಬಹಳ ಕಾಲ ಹಾಗೆಯೇ ಮಾಡಿದೆ. ಮೊದಲು 15 ನಿಮಿಷ ಎಂದು ಗಟ್ಟಿ ಮಾಡಿಕೊಂಡು, ಆಮೇಲೆ ಸಿಕ್ಕ ಸಿಕ್ಕ ಫಿಲ್ಟರ್‌ಗಳನ್ನೆಲ್ಲ ಅದರ ಮೇಲೆ ಪೇರಿಸುತ್ತಿದ್ದೆ. ವಾಸ್ತವದಲ್ಲಿ ಇವು ಒಂದೇ ನಿರ್ಧಾರದ ಎರಡು ತುದಿಗಳು. ರೇಂಜ್ ಉದ್ದವಾದಷ್ಟೂ ಅದೇ ಒಂದು ಫಿಲ್ಟರ್ ಆಗುತ್ತದೆ, ಏಕೆಂದರೆ ಬೆಳಗಿನ ಗೊಂದಲದ ಏರಿಳಿತವೆಲ್ಲ ಅದರೊಳಗೇ ಅಡಗಿಬಿಡುತ್ತದೆ. ರೇಂಜ್ ಚಿಕ್ಕದಾದರೆ ಆ ಗೊಂದಲ ಗೆರೆಯ ಹೊರಗೆ ನಡೆಯುತ್ತದೆ, ಅದನ್ನು ಸೋಸುವ ಕೆಲಸ ನಮ್ಮ ಪಾಲಿಗೆ ಬರುತ್ತದೆ. ಹಾಗಾಗಿ ಉದ್ದದ ರೇಂಜ್ ಹಿಡಿದು ಅದರ ಮೇಲೆ ಬಿಗಿಯಾದ ಫಿಲ್ಟರ್ ಹೇರಿದರೆ, ಪ್ರವೇಶದ ಹೊತ್ತಿಗೆ ದಿನದ ಓಟವೇ ಮುಗಿದಿರುತ್ತದೆ. ಚಿಕ್ಕ ರೇಂಜ್ ಹಿಡಿದು ಫಿಲ್ಟರ್ ಬಿಟ್ಟರೆ ಅರ್ಧ ಗಂಟೆಯೊಳಗೆ ಎರಡು ಸ್ಟಾಪ್‌ಲಾಸ್ ತಿನ್ನಬೇಕಾಗುತ್ತದೆ.

ನಿಮಿಷಕ್ಕಿಂತ ಮೊದಲು ಅಗಲ ನೋಡಿ

ರೇಂಜ್ ಎಷ್ಟು ನಿಮಿಷದ್ದು ಎಂಬುದಕ್ಕಿಂತ ಅದು ಎಷ್ಟು ಅಗಲವಿದೆ ಎಂಬುದು ಹೆಚ್ಚು ಹೇಳುತ್ತದೆ. ಅಗಲವನ್ನು ಅಳೆಯಲು ಒಂದು ಅಳತೆಗೋಲು ಬೇಕು. ಕಳೆದ 14 ದಿನಗಳಲ್ಲಿ ಪ್ರತಿದಿನದ ಗರಿಷ್ಠದಿಂದ ಕನಿಷ್ಠವನ್ನು ಕಳೆದು, ಬಂದ ಅಂಕಿಗಳ ಸರಾಸರಿ ತೆಗೆಯಿರಿ. ಇದನ್ನು ದಿನದ ಸರಾಸರಿ ಹರವು ಎಂದು ಕರೆಯೋಣ. ಚಾರ್ಟ್‌ಗಳಲ್ಲಿ ಸಿದ್ಧವಾಗಿ ಸಿಗುವ ಎಟಿಆರ್ ಸೂಚಕವನ್ನೇ ಬಳಸಬಹುದಲ್ಲವೇ ಎಂದು ಕೇಳಬಹುದು. ಬಳಸಬಹುದು, ಆದರೆ ಹಿಂದಿನ ದಿನದ ಮುಕ್ತಾಯಕ್ಕೂ ಇಂದಿನ ಆರಂಭಕ್ಕೂ ನಡುವಿನ ಗ್ಯಾಪ್ ಎಟಿಆರ್ ಲೆಕ್ಕದಲ್ಲಿ ಸೇರಿರುತ್ತದೆ. ಇಂಟ್ರಾಡೇ ವ್ಯಾಪಾರಿಗೆ ಆ ಗ್ಯಾಪ್ ಕೈಗೆ ಸಿಗುವುದಿಲ್ಲ. ಗ್ಯಾಪ್ ಹೆಚ್ಚಾಗಿ ಬೀಳುವ ಷೇರುಗಳಲ್ಲಿ ಎಟಿಆರ್ ನಂಬಿದರೆ, ಇಲ್ಲದ ಜಾಗವನ್ನು ಇದೆ ಎಂದುಕೊಂಡು ಗುರಿ ಇಡುತ್ತೇವೆ.

ಈಗ ಓಪನಿಂಗ್ ರೇಂಜ್‌ನ ಅಗಲ ಈ ಹರವಿನಲ್ಲಿ ಶೇಕಡಾ ಎಷ್ಟು ಎಂದು ನೋಡಿ. ನಾನು ಪಾಲಿಸುವ ಗಡಿ ಹೀಗಿದೆ: ಶೇ 25ಕ್ಕಿಂತ ಕಡಿಮೆ ಇದ್ದರೆ ರೇಂಜ್ ಇನ್ನೂ ಪಕ್ವವಾಗಿಲ್ಲ, ಯಾವುದೋ ಒಂದು ದೊಡ್ಡ ಆರ್ಡರ್ ಬಂದರೂ ಗೆರೆ ಮುರಿಯುತ್ತದೆ. ಶೇ 60 ದಾಟಿದ್ದರೆ ದಿನದ ಪ್ರಯಾಣದ ಬಹುಪಾಲು ಗೆರೆಗಳ ನಡುವೆಯೇ ಕಳೆದುಹೋಗಿದೆ, ಹೊರಗೆ ಓಡಲು ಉಳಿದಿರುವುದು ಕಡಿಮೆ. ಇವು ಪ್ರಕೃತಿ ನಿಯಮಗಳಲ್ಲ, ನಾನು ವ್ಯಾಪಾರ ಮಾಡುವ ಷೇರುಗಳಿಗೆ ಹೊಂದಿಸಿಕೊಂಡ ಅಂಕಿಗಳು. ನಿಮ್ಮ ಷೇರಿಗೆ 5 ಅಂಕಿ ಆಚೀಚೆ ಆಗಬಹುದು. ಆದರೆ ಯಾವುದೋ ಒಂದು ಗಡಿ ಇರಲೇಬೇಕು. ಗಡಿಯೇ ಇಲ್ಲದಿದ್ದರೆ ತೀರಾ ಅಗಲವಾದ ದಿನವೂ ತೀರಾ ಕಿರಿದಾದ ದಿನವೂ ಒಂದೇ ರೀತಿ ಕಾಣುತ್ತವೆ.

ಈ ಲೆಕ್ಕ ಕೈಯಲ್ಲಿದ್ದರೆ ಎಷ್ಟು ನಿಮಿಷ ಎಂಬ ಪ್ರಶ್ನೆಯ ಭಾರ ಇಳಿಯುತ್ತದೆ. 5 ನಿಮಿಷದ ರೇಂಜ್‌ಗೆ ಇರುವ ಒಂದೇ ದೊಡ್ಡ ಗುಣವೆಂದರೆ ಬೇಗ ಪ್ರವೇಶ. ಒಂದೇ ದಿಕ್ಕಿನಲ್ಲಿ ಓಡುವ ದಿನದಂದು ಅದಕ್ಕೆ ಸಾಟಿಯಿಲ್ಲ. ಆದರೆ ಮೊದಲ 5 ನಿಮಿಷದಲ್ಲಿ ನಡೆಯುವುದು ರಾತ್ರಿಯಿಂದ ಕೂಡಿಕೊಂಡಿದ್ದ ಆರ್ಡರ್‌ಗಳ ವಿಲೇವಾರಿ. ಅಲ್ಲಿ ಕಾಣುವ ಗರಿಷ್ಠ, ಕನಿಷ್ಠಗಳು ಅನೇಕ ಸಲ ಒಂದೆರಡು ದೊಡ್ಡ ಮಾರ್ಕೆಟ್ ಆರ್ಡರ್‌ಗಳು ಉಳಿಸಿದ ಗುರುತು ಮಾತ್ರ. 30 ನಿಮಿಷದ ರೇಂಜ್‌ನ ಗೆರೆಗಳಿಗೆ ಹೆಚ್ಚು ತೂಕವಿದೆ, ಅಲ್ಲಿ ಕೊಳ್ಳುವವರೂ ಮಾರುವವರೂ ಒಮ್ಮೆಯಾದರೂ ಬಲ ಪರೀಕ್ಷೆ ಮಾಡಿರುತ್ತಾರೆ. ಅದರ ಬೆಲೆಯಾಗಿ ಸ್ಟಾಪ್‌ಲಾಸ್ ದೂರ ಹೋಗುತ್ತದೆ, ಗುರಿ ಹತ್ತಿರ ಬರುತ್ತದೆ. 15 ನಿಮಿಷ ಇವೆರಡರ ನಡುವಿನ ಹಾದಿ. 60 ನಿಮಿಷದ ರೇಂಜ್ ಬಳಸುವವರೂ ಇದ್ದಾರೆ. ಒಂದು ಷೇರಿಗೆ ಅದು ನನಗೆ ಹೊಂದಿಲ್ಲ, ನಿಧಾನವಾಗಿ ಚಲಿಸುವ ಸೂಚ್ಯಂಕಕ್ಕೆ ಹೊಂದಬಹುದು.

ಇಡೀ ದಿನ ತೆರೆದಿರುವ ಮಾರುಕಟ್ಟೆಗಳಲ್ಲಿ ಸಹಜವಾದ ಆರಂಭವೇ ಇರುವುದಿಲ್ಲ. ಅಲ್ಲಿ ವಾಲ್ಯೂಮ್ ಏಕಾಏಕಿ ಏರುವ ಹೊತ್ತನ್ನು ಆರಂಭವೆಂದು ಹಿಡಿಯಬೇಕು. ಅಂಥ ಹೊತ್ತು ಇಲ್ಲದಿದ್ದರೆ ಈ ವಿಧಾನವನ್ನೇ ಬಿಡುವುದು ಒಳ್ಳೆಯದು.

ಒಂದು ದಿನವನ್ನು ಹತ್ತಿರದಿಂದ ನೋಡೋಣ

ಮಾತಿನಲ್ಲಿ ಹೇಳಿದ್ದನ್ನು ಅಂಕಿಗಳಲ್ಲಿ ನೋಡಲು ಒಂದು ದಿನವನ್ನು ಉದಾಹರಣೆಗಾಗಿ ಕಟ್ಟಿಕೊಳ್ಳುತ್ತೇನೆ. ಷೇರಿನ ದಿನದ ಸರಾಸರಿ ಹರವು 12 ಪಾಯಿಂಟ್. ಆರಂಭ 500ರಲ್ಲಿ. ಹೇಳಿಕೊಳ್ಳುವಂಥ ಗ್ಯಾಪ್ ಇಲ್ಲ, ದಿನದ ನಡುವೆ ಬರಬೇಕಾದ ದೊಡ್ಡ ಸುದ್ದಿಯೂ ಇಲ್ಲ.

ಮೊದಲ 5 ನಿಮಿಷದಲ್ಲಿ ಬೆಲೆ 502.4 ಮತ್ತು 498.8ರ ನಡುವೆ ಓಡಾಡಿತು. ಅಗಲ 3.6, ಅಂದರೆ ಹರವಿನ ಶೇ 30. ಏಳನೆಯ ನಿಮಿಷದಲ್ಲಿ ಬೆಲೆ 502.4 ದಾಟಿತು. ಗೆರೆ ಮುಟ್ಟಿದೊಡನೆ ಕೊಳ್ಳುವವನು 502.5ಕ್ಕೆ ಒಳಗೆ ಬಂದ, ರೇಂಜ್‌ನ ಕೆಳಗೆ 498.7ಕ್ಕೆ ಸ್ಟಾಪ್‌ಲಾಸ್ ಇಟ್ಟ. ಬೆಲೆ 503ರವರೆಗೆ ಹೋಗಿ ತಿರುಗಿತು, ಹದಿಮೂರನೆಯ ನಿಮಿಷಕ್ಕೆ 498ಕ್ಕೆ ಇಳಿಯಿತು. ಸ್ಟಾಪ್‌ಲಾಸ್ ಹೊಡೆಯಿತು, 3.8 ಪಾಯಿಂಟ್ ಹೋಯಿತು. ಕೆಳಗಿನ ಗೆರೆ ಮುರಿದ ಕಾರಣ ಅವನು ಅದೇ 498.7ಕ್ಕೆ ಮಾರಿ ಎದುರು ದಿಕ್ಕಿಗೂ ನಿಂತ, ಸ್ಟಾಪ್‌ಲಾಸ್ 502.5ಕ್ಕೆ. ಬೆಲೆ ಮತ್ತೆ ಮೇಲಕ್ಕೇರಿ ಅದನ್ನೂ ಹೊಡೆಯಿತು, ಮತ್ತೆ 3.8. ಅರ್ಧ ಗಂಟೆ ತುಂಬುವ ಮುನ್ನವೇ 7.6 ಪಾಯಿಂಟ್ ನಷ್ಟ. ಇಡೀ ದಿನ ಚಲಿಸಬಹುದಾದ ದೂರದಲ್ಲಿ ಮೂರನೆಯ ಎರಡು ಪಾಲಿಗೆ ಹತ್ತಿರ.

15 ನಿಮಿಷದ ರೇಂಜ್ ಹಿಡಿದವನಿಗೆ ಗೆರೆಗಳು 503 ಮತ್ತು 498. ಅಗಲ 5, ಹರವಿನ ಶೇ 42. ಒಳ್ಳೆಯ ಅಗಲ. 20ರಿಂದ 25ನೆಯ ನಿಮಿಷದ ಕ್ಯಾಂಡಲ್ 504.2ರವರೆಗೆ ಚಿಮ್ಮಿತು, ಆದರೆ 502.7ಕ್ಕೆ ಮುಗಿಯಿತು. ಮುಂದಿನ ಕ್ಯಾಂಡಲ್ 497.6ಕ್ಕೆ ಇಳಿದು 498.3ಕ್ಕೆ ಮುಗಿಯಿತು. ಎರಡೂ ಗೆರೆಗಳನ್ನು ಬೆಲೆ ದಾಟಿತು, ಎರಡರ ಹೊರಗೂ ನಿಲ್ಲಲಿಲ್ಲ. ಗೆರೆ ಮುಟ್ಟಿದೊಡನೆ ಪ್ರವೇಶಿಸುವವನು, ರೇಂಜ್‌ನ ನಡುವೆ 500.5ಕ್ಕೆ ಸ್ಟಾಪ್‌ಲಾಸ್ ಇಟ್ಟಿದ್ದರೆ, ಇಲ್ಲೂ ಎರಡು ಸಲ 2.6ರಂತೆ 5.2 ಪಾಯಿಂಟ್ ಕಳೆದುಕೊಳ್ಳುತ್ತಾನೆ. 5 ನಿಮಿಷದ ಕ್ಯಾಂಡಲ್ ಗೆರೆಯ ಹೊರಗೆ ಮುಗಿಯಲಿ ಎಂದು ಕಾದವನು ಏನನ್ನೂ ಕಳೆದುಕೊಳ್ಳಲಿಲ್ಲ.

45ರಿಂದ 50ನೆಯ ನಿಮಿಷದ ಕ್ಯಾಂಡಲ್ 503.4ಕ್ಕೆ ಮುಗಿಯಿತು. ಅದೇ ನಿಜವಾದ ಬ್ರೇಕ್‌ಔಟ್. ಮುಂದಿನ ಕ್ಯಾಂಡಲ್ 502.8ಕ್ಕೆ ಇಳಿದು ಗೆರೆಯನ್ನು ಮತ್ತೆ ಮುಟ್ಟಿ 503.7ಕ್ಕೆ ಮುಗಿಯಿತು. ಅದರ ನಂತರದ್ದು 504.8ಕ್ಕೆ ಮುಗಿದು, 30 ನಿಮಿಷದ ರೇಂಜ್‌ನ ಮೇಲಿನ ಗೆರೆಯಾದ 504.2ನ್ನೂ ದಾಟಿತು. ಅಲ್ಲಿಂದ ಬೆಲೆ 504.4ರ ಕೆಳಗೆ ಬರಲೇ ಇಲ್ಲ. ದಿನದ ಗರಿಷ್ಠ 508.9, ಮುಕ್ತಾಯ 507.6.

ಈಗ ಜಾಗದ ಲೆಕ್ಕ. ಅಲ್ಲಿಯವರೆಗಿನ ದಿನದ ಕನಿಷ್ಠ 497.6. ಅದಕ್ಕೆ ಹರವಿನ 12 ಸೇರಿಸಿದರೆ 509.6. ಸಾಮಾನ್ಯ ದಿನವೊಂದರಲ್ಲಿ ಬೆಲೆ ಹೋಗಬಹುದಾದ ದೂರದ ಅಂದಾಜು ಇದು. 15 ನಿಮಿಷದ ರೇಂಜ್‌ನಲ್ಲಿ 503.4ಕ್ಕೆ ಪ್ರವೇಶಿಸಿದವನಿಗೆ ಮುಂದೆ 6.2 ಪಾಯಿಂಟ್ ಜಾಗವಿದೆ. 500.5ಕ್ಕೆ ಸ್ಟಾಪ್‌ಲಾಸ್ ಇಟ್ಟರೆ ಅಪಾಯ 2.9. ಅಪಾಯದ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು ಲಾಭದ ಸಾಧ್ಯತೆ. 30 ನಿಮಿಷದ ರೇಂಜ್‌ನಲ್ಲಿ ಕ್ಯಾಂಡಲ್ ಮುಗಿಯುವವರೆಗೆ ಕಾದು 504.8ಕ್ಕೆ ಪ್ರವೇಶಿಸಿದವನಿಗೆ ಉಳಿದಿರುವುದು 4.8. ನಡುಗೆರೆ 500.9, ಅಪಾಯ 3.9. ಇವನು ದಿಕ್ಕನ್ನು ಸರಿಯಾಗಿಯೇ ಗುರುತಿಸಿದ, ಆದರೂ ದಿನದ ಕೊನೆಯಲ್ಲಿ 2.8 ಪಾಯಿಂಟ್ ಗಳಿಸಿದ. ಇಟ್ಟ ಅಪಾಯಕ್ಕಿಂತ ಕಡಿಮೆ. ಮೊದಲನೆಯವನು 4.2 ಗಳಿಸಿದ, ಅಂದರೆ ಅಪಾಯದ ಒಂದೂವರೆ ಪಟ್ಟಿಗೆ ಹತ್ತಿರ.

ಉದ್ದದ ರೇಂಜ್ ಮೇಲೆ ಬಿಗಿಯಾದ ಫಿಲ್ಟರ್ ಬೇಡ ಎಂದು ಮೊದಲೇ ಹೇಳಿದ್ದು ಇದೇ ಕಾರಣಕ್ಕೆ. 30 ನಿಮಿಷದ ರೇಂಜ್ ಹಿಡಿದವನು 504.3ಕ್ಕೆ, ಗೆರೆ ಮುಟ್ಟಿದೊಡನೆಯೇ, ಒಳಗೆ ಬರಬಹುದಿತ್ತು. ಅರ್ಧ ಗಂಟೆ ಕಾದದ್ದೇ ಅವನ ಫಿಲ್ಟರ್.

ನಾಲ್ಕು ಫಿಲ್ಟರ್, ನಾಲ್ಕು ಬಗೆಯ ಖರ್ಚು

ಯಾವ ಫಿಲ್ಟರ್ ಕೂಡ ಪುಕ್ಕಟೆಯಲ್ಲ. ಸುಳ್ಳು ಬ್ರೇಕ್‌ಔಟ್‌ನಿಂದ ನಮ್ಮನ್ನು ಉಳಿಸಿದ್ದಕ್ಕೆ ಒಳ್ಳೆಯ ಬ್ರೇಕ್‌ಔಟ್‌ನಲ್ಲಿ ಏನನ್ನಾದರೂ ಕಸಿದುಕೊಳ್ಳುತ್ತದೆ. ಆರಿಸುವಾಗ ಕೇಳಬೇಕಾದ ಪ್ರಶ್ನೆ ಅದು ಏನನ್ನು ಕಸಿಯುತ್ತದೆ ಎಂಬುದು.

ಗೆರೆಗಿಂತ ಸ್ವಲ್ಪ ಮೇಲೆ ಆರ್ಡರ್ ಇಡುವುದು ಎಲ್ಲಕ್ಕಿಂತ ಸರಳ. ಹರವಿನ ಶೇ 5ರಷ್ಟು ಅಂತರ ಇಟ್ಟರೆ ನಮ್ಮ ಉದಾಹರಣೆಯಲ್ಲಿ 0.6 ಆಗುತ್ತದೆ, ಪ್ರವೇಶ 503.6ಕ್ಕೆ. ಒಂದೆರಡು ಟಿಕ್ ದಾಟಿ ವಾಪಸಾಗುವ ಚೇಷ್ಟೆಗಳನ್ನು ಇದು ತಡೆಯುತ್ತದೆ. ಆದರೆ 504.2ರವರೆಗೆ ಹೋದ ಆ ಚಿಮ್ಮುವಿಕೆಯನ್ನು ತಡೆಯುತ್ತಿರಲಿಲ್ಲ. ಅದನ್ನೂ ತಡೆಯುವಷ್ಟು ಅಂತರ ಇಟ್ಟರೆ ಪ್ರತಿ ವ್ಯಾಪಾರದಲ್ಲೂ ಅಷ್ಟು ಬಿಟ್ಟುಕೊಡಬೇಕು. ಹೀಗಾಗಿ ಇದನ್ನು ನಾನು ಒಂಟಿಯಾಗಿ ನೆಚ್ಚುವುದಿಲ್ಲ. 30 ನಿಮಿಷದ ರೇಂಜ್ ಜೊತೆಗೆ ಮಾತ್ರ ಬಳಸುತ್ತೇನೆ.

ಕ್ಯಾಂಡಲ್ ಗೆರೆಯ ಹೊರಗೆ ಮುಗಿಯಲಿ ಎಂದು ಕಾಯುವುದು ಎರಡನೆಯದು. ದೊಡ್ಡ ಕ್ಯಾಂಡಲ್ ಬಂದ ದಿನ ಇದರ ಖರ್ಚು ಕಾಣುತ್ತದೆ. ಗೆರೆಯಿಂದ ಬಹಳ ದೂರದಲ್ಲಿ ಮುಗಿದ ಕ್ಯಾಂಡಲ್ ಹಿಂದೆ ಓಡಿದರೆ ಸ್ಟಾಪ್‌ಲಾಸ್ ಇಡಲು ಯೋಗ್ಯವಾದ ಜಾಗವೇ ಇರುವುದಿಲ್ಲ. ನಾನು ಪಾಲಿಸುವ ಮಿತಿ: ಕ್ಯಾಂಡಲ್ ಮುಗಿದ ಬೆಲೆ ಗೆರೆಯಿಂದ ರೇಂಜ್‌ನ ಅಗಲದ ಅರ್ಧಕ್ಕಿಂತ ಹೆಚ್ಚು ದೂರವಿದ್ದರೆ ಆ ವ್ಯಾಪಾರ ಬಿಟ್ಟುಬಿಡುತ್ತೇನೆ. ಇನ್ನೊಂದು ಎಚ್ಚರಿಕೆ. ಕ್ಯಾಂಡಲ್ ಮುಗಿಯಲು ಇನ್ನೂ 40 ಸೆಕೆಂಡ್ ಇರುವಾಗಲೇ "ಇನ್ನೇನು ಹೊರಗೇ ಮುಗಿಯುತ್ತದೆ" ಎಂದು ಒಳಗೆ ಬರುವ ಚಪಲ ಬಹಳ. ಹಾಗೆ ಮಾಡಿದರೆ ಫಿಲ್ಟರ್ ಹೆಸರಿಗೆ ಮಾತ್ರ ಉಳಿಯುತ್ತದೆ. 20ರಿಂದ 25ನೆಯ ನಿಮಿಷದ ಆ ಕ್ಯಾಂಡಲ್ ಕೂಡ ತನ್ನ ಆಯುಷ್ಯದ ನಡುವೆ ಗೆರೆಯ ಹೊರಗೇ ಇತ್ತು.

ಮೂರನೆಯದು ವಾಲ್ಯೂಮ್. ಇಲ್ಲಿ ಒಂದು ತಪ್ಪು ಎಲ್ಲೆಡೆ ಕಾಣುತ್ತದೆ. ಬ್ರೇಕ್‌ಔಟ್ ಕ್ಯಾಂಡಲ್‌ನ ವಾಲ್ಯೂಮನ್ನು ಅದೇ ಬೆಳಗಿನ ಹಿಂದಿನ ಕ್ಯಾಂಡಲ್‌ಗಳ ಜೊತೆ ಹೋಲಿಸುತ್ತಾರೆ. ದಿನದ ವಾಲ್ಯೂಮ್ ಬಟ್ಟಲಿನ ಆಕಾರದ್ದು: ಆರಂಭದಲ್ಲಿ ಹೆಚ್ಚು, ನಡುವೆ ಕಡಿಮೆ, ಕೊನೆಯಲ್ಲಿ ಮತ್ತೆ ಹೆಚ್ಚು. ಮೊದಲ ಕ್ಯಾಂಡಲ್ ಜೊತೆ ಹೋಲಿಸಿದರೆ ಆಮೇಲಿನ ಯಾವ ಬ್ರೇಕ್‌ಔಟ್ ಕೂಡ ಬಡಕಲಾಗಿಯೇ ಕಾಣುತ್ತದೆ. ಸರಿಯಾದ ಹೋಲಿಕೆ ಎಂದರೆ ಕಳೆದ 20 ದಿನಗಳಲ್ಲಿ ಅದೇ 5 ನಿಮಿಷದ ಹೊತ್ತಿನಲ್ಲಿ ನಡೆದ ವಾಲ್ಯೂಮ್‌ನ ಸರಾಸರಿ. ನಮ್ಮ ಉದಾಹರಣೆಯಲ್ಲಿ 45ರಿಂದ 50ನೆಯ ನಿಮಿಷದ ಕ್ಯಾಂಡಲ್ ಈ ಸರಾಸರಿಯ 1.7 ಪಟ್ಟು ಇತ್ತು, ಸುಳ್ಳಾಗಿ ಚಿಮ್ಮಿದ ಕ್ಯಾಂಡಲ್ 0.9 ಪಟ್ಟು ಎಂದುಕೊಳ್ಳಿ. ಆರಂಭದ ಕ್ಯಾಂಡಲ್ ಜೊತೆ ಹೋಲಿಸಿದ್ದರೆ ಎರಡೂ ದುರ್ಬಲವಾಗಿಯೇ ಕಾಣುತ್ತಿದ್ದವು, ನಿಜವಾದದ್ದೂ ಕೈತಪ್ಪುತ್ತಿತ್ತು. ನಾನು 1.5 ಪಟ್ಟನ್ನು ಗಡಿಯಾಗಿ ಇಟ್ಟುಕೊಂಡಿದ್ದೇನೆ. ಸೂಚ್ಯಂಕಕ್ಕೆ ಸ್ವಂತ ವಾಲ್ಯೂಮ್ ಇರುವುದಿಲ್ಲ, ಅದರ ಫ್ಯೂಚರ್ಸ್‌ನ ವಾಲ್ಯೂಮ್ ನೋಡಬೇಕು.

ನಾಲ್ಕನೆಯದು ರೀಟೆಸ್ಟ್. ಗೆರೆ ದಾಟಿದ ಬೆಲೆ ಹಿಂತಿರುಗಿ ಅದೇ ಗೆರೆಯನ್ನು ಮುಟ್ಟಿ, ಅಲ್ಲಿಂದ ಮತ್ತೆ ಏಳಲಿ ಎಂದು ಕಾಯುವುದು. ಎಲ್ಲಕ್ಕಿಂತ ಹೆಚ್ಚು ಹೊಗಳಿಸಿಕೊಳ್ಳುವ ಫಿಲ್ಟರ್ ಇದು, ಎಲ್ಲಕ್ಕಿಂತ ಹೆಚ್ಚು ತಪ್ಪಾಗಿ ತಿಳಿಯಲಾದದ್ದೂ ಇದೇ. ನಮ್ಮ ಉದಾಹರಣೆಯಲ್ಲಿ ಇದರ ಸೊಗಸು ಎದ್ದು ಕಾಣುತ್ತದೆ: 502.8ಕ್ಕೆ ಇಳಿದು ಎದ್ದ ಕ್ಯಾಂಡಲ್ ಮುಗಿದಾಗ 503.7ಕ್ಕೆ ಕೊಂಡು, ಅದರ ಬುಡದ ಕೆಳಗೆ 502.6ಕ್ಕೆ ಸ್ಟಾಪ್‌ಲಾಸ್ ಇಟ್ಟರೆ ಅಪಾಯ ಕೇವಲ 1.1. ದಿನದ ಕೊನೆಯಲ್ಲಿ ಲಾಭ 3.9. ಇಂಥ ಒಂದು ವ್ಯಾಪಾರ ಕಂಡವರು ಮುಂದೆ ರೀಟೆಸ್ಟ್ ಬಿಟ್ಟು ಬೇರೇನೂ ಬೇಡ ಎನ್ನುತ್ತಾರೆ.

ಆದರೆ ಯೋಚಿಸಿ ನೋಡಿ. ಸೋಲುವ ಬ್ರೇಕ್‌ಔಟ್ ಗೆರೆಗೆ ವಾಪಸಾಗಲೇಬೇಕು, ವಾಪಸಾಗುವುದೇ ಸೋಲು. ಗೆಲ್ಲುವವುಗಳಲ್ಲಿ ಕೆಲವು ವಾಪಸಾಗುತ್ತವೆ, ಅತಿ ಬಲವಾದವು ತಿರುಗಿಯೂ ನೋಡುವುದಿಲ್ಲ. ಗೆರೆಯ ಮೇಲೆ ಲಿಮಿಟ್ ಆರ್ಡರ್ ಇಟ್ಟು ಕಾಯುವವನ ಬಲೆಗೆ ಸೋಲುವ ಬ್ರೇಕ್‌ಔಟ್‌ಗಳೆಲ್ಲ ಬೀಳುತ್ತವೆ, ಗೆಲ್ಲುವವುಗಳಲ್ಲಿ ಉತ್ತಮವಾದವು ತಪ್ಪಿಸಿಕೊಳ್ಳುತ್ತವೆ. 30 ನಿಮಿಷದ ಗೆರೆ 504.2ರ ಮೇಲೆ ರೀಟೆಸ್ಟ್‌ಗಾಗಿ ಕಾದವನಿಗೆ ಅದೇ ದಿನ ಏನೂ ಸಿಗಲಿಲ್ಲ, ಬೆಲೆ 504.4ರಿಂದಲೇ ಮೇಲೆ ಹೋಯಿತು. ಆದ್ದರಿಂದ ರೀಟೆಸ್ಟ್ ಬಳಸುವುದಾದರೆ ಗೆರೆಯ ಮೇಲೆ ಆರ್ಡರ್ ಇಟ್ಟು ಕೂರಬೇಡಿ. ಇಳಿದ ಕ್ಯಾಂಡಲ್ ಗೆರೆಯ ಮೇಲೆಯೇ ಮುಗಿದ ನಂತರ ಪ್ರವೇಶಿಸಿ. ಅದರ ಜೊತೆಗೆ ಕೈತಪ್ಪುವ ದೊಡ್ಡ ದಿನಗಳನ್ನು ಸಹಿಸುವ ಮನಸ್ಸು ಇರಬೇಕು. ಆ ಮನಸ್ಸು ಇಲ್ಲದವರು ಎರಡು ದಿನ ಕಾದು, ಮೂರನೆಯ ದಿನ ತಾಳ್ಮೆಗೆಟ್ಟು ಓಡುತ್ತಿರುವ ಬೆಲೆಯ ಹಿಂದೆ ಬೀಳುತ್ತಾರೆ.

ನಾನು ಆರಿಸುವ ಜೋಡಿಗಳು

ಹೊಸಬರಿಗೆ, ಒಂದೇ ಷೇರಿನಲ್ಲಿ ವ್ಯಾಪಾರ ಮಾಡುವವರಿಗೆ ನಾನು ಸೂಚಿಸುವುದು 15 ನಿಮಿಷದ ರೇಂಜ್, 5 ನಿಮಿಷದ ಕ್ಯಾಂಡಲ್ ಹೊರಗೆ ಮುಗಿಯಬೇಕೆಂಬ ನಿಯಮ, ಅದೇ ಹೊತ್ತಿನ ವಾಲ್ಯೂಮ್‌ನ ಪರೀಕ್ಷೆ. ರೇಂಜ್‌ನ ನಡುವೆ ಸ್ಟಾಪ್‌ಲಾಸ್. ಪರದೆಯ ಮುಂದೆ ಸದಾ ಕೂರಲಾಗದವರು 30 ನಿಮಿಷದ ರೇಂಜ್ ಹಿಡಿದು, ಚಿಕ್ಕ ಅಂತರ ಬಿಟ್ಟು ಆರ್ಡರ್ ಇಡಲಿ, ಬೇರೆ ಫಿಲ್ಟರ್ ಬೇಡ. ರೇಂಜ್ ಶೇ 60 ದಾಟಿದ ದಿನ ಆರ್ಡರ್ ಹಾಕದಿದ್ದರೆ ಸಾಕು. 5 ನಿಮಿಷದ ರೇಂಜನ್ನು ನಾನು ದೊಡ್ಡ ಗ್ಯಾಪ್ ಮತ್ತು ಭಾರಿ ವಾಲ್ಯೂಮ್ ಎರಡೂ ಇರುವ ದಿನಗಳಿಗೆ ಮಾತ್ರ ಕಾಯ್ದಿರಿಸುತ್ತೇನೆ. ಉಳಿದ ದಿನಗಳಲ್ಲಿ ಅದರ ವೇಗ ಬೇಡದ ಖರ್ಚು.

ದಿನದ ಮೊದಲ ಎರಡು ಗಂಟೆಯೊಳಗೆ ಬಡ್ಡಿದರದಂಥ ದೊಡ್ಡ ಪ್ರಕಟಣೆ ನಿಗದಿಯಾಗಿದ್ದರೆ ಮೂರೂ ಬೇಡ. ಎಲ್ಲರೂ ಪ್ರಕಟಣೆಗಾಗಿ ಕಾಯುತ್ತಿರುವಾಗ ಬೆಳಗಿನ ಗೆರೆಗಳಿಗೆ ಅರ್ಥವಿರುವುದಿಲ್ಲ.

ಆರಿಸಿದ ಜೋಡಿಯನ್ನು ಹಳೆಯ ದತ್ತಾಂಶದ ಮೇಲೆ ಪರೀಕ್ಷಿಸುವಾಗ ಎರಡು ಕಡೆ ಜಾರುವ ಸಾಧ್ಯತೆ ಇದೆ. ಕ್ಯಾಂಡಲ್‌ಗೆ ಅಂಟಿಸಿದ ಸಮಯ ಅದರ ಆರಂಭದ್ದೋ ಮುಕ್ತಾಯದ್ದೋ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಆರಂಭದ ಸಮಯವಾಗಿದ್ದರೆ 15 ನಿಮಿಷದ ರೇಂಜ್‌ಗೆ ಮೊದಲ ಮೂರು ಕ್ಯಾಂಡಲ್‌ಗಳು ಸಾಕು. 15ನೆಯ ನಿಮಿಷದ ಗುರುತಿರುವ ಕ್ಯಾಂಡಲನ್ನೂ ಸೇರಿಸಿಕೊಂಡರೆ ಅರಿವಿಲ್ಲದೆಯೇ 20 ನಿಮಿಷದ ರೇಂಜ್ ಪರೀಕ್ಷಿಸಿದಂತಾಗುತ್ತದೆ. ಎರಡನೆಯದು, ಒಂದೇ ಕ್ಯಾಂಡಲ್ ಪ್ರವೇಶದ ಬೆಲೆಯನ್ನೂ ಸ್ಟಾಪ್‌ಲಾಸ್ ಬೆಲೆಯನ್ನೂ ಮುಟ್ಟಿದ್ದರೆ ಯಾವುದು ಮೊದಲು ಎಂದು ಆ ಕ್ಯಾಂಡಲ್ ಹೇಳುವುದಿಲ್ಲ. 1 ನಿಮಿಷದ ದತ್ತಾಂಶಕ್ಕೆ ಇಳಿದು ನೋಡಿ, ಅದೂ ಇಲ್ಲದಿದ್ದರೆ ನಷ್ಟವೆಂದೇ ಬರೆದುಕೊಳ್ಳಿ.

ಒಳಗೆ ಬಂದ ಮೇಲೆ

ಫಿಲ್ಟರ್‌ಗಳೆಲ್ಲ ಸರಿ ಎಂದ ಬ್ರೇಕ್‌ಔಟ್ ಕೂಡ ಸುಳ್ಳಾಗುತ್ತದೆ. ಅದನ್ನು ಸ್ಟಾಪ್‌ಲಾಸ್ ಹೊಡೆಯುವ ಮುನ್ನವೇ ಗುರುತಿಸುವ ಒಂದು ಗುರುತು ಇದೆ: ಪ್ರವೇಶದ ನಂತರದ ಎರಡು ಕ್ಯಾಂಡಲ್‌ಗಳಲ್ಲಿ ಯಾವುದಾದರೂ ಒಂದು ಮತ್ತೆ ರೇಂಜ್‌ನ ಒಳಗೆ ಮುಗಿದರೆ ನಾನು ಹೊರಬರುತ್ತೇನೆ. ನಮ್ಮ ಉದಾಹರಣೆಯಲ್ಲಿ 503.4ರ ಪ್ರವೇಶದ ನಂತರ ಬೆಲೆ 502.8ಕ್ಕೆ ಇಳಿದಾಗ ಎದೆ ಒಮ್ಮೆ ಝಲ್ಲೆನ್ನುತ್ತದೆ, ಆದರೆ ಕ್ಯಾಂಡಲ್ 503ರ ಮೇಲೆಯೇ ಮುಗಿಯಿತು. ನಿಯಮ ಮುರಿಯಲಿಲ್ಲ, ವ್ಯಾಪಾರ ಉಳಿಯಿತು. ಅದು 502.6ಕ್ಕೆ ಮುಗಿದಿದ್ದರೆ 2.9ರ ಬದಲು 0.8 ಪಾಯಿಂಟ್ ಕೊಟ್ಟು ಎದ್ದುಬರಬಹುದಿತ್ತು.

ಹಾಗೆ ಹೊರಬಂದ ಮೇಲೆ ಅದೇ ದಿಕ್ಕಿನಲ್ಲಿ ಇನ್ನೊಂದು ಪ್ರಯತ್ನಕ್ಕೆ ನಾನು ಅವಕಾಶ ಕೊಡುವುದಿಲ್ಲ. ಎದುರು ದಿಕ್ಕಿನ ಗೆರೆ ಮುರಿದರೆ ಮಾತ್ರ ಒಮ್ಮೆ ಪ್ರವೇಶಿಸುತ್ತೇನೆ, ಅದೂ ಅಲ್ಲಿಂದ ಮುಂದೆ ಜಾಗ ಉಳಿದಿದ್ದರೆ. ದಿನದ ಗರಿಷ್ಠದಿಂದ ಹರವಿನ 12ನ್ನು ಕಳೆದು ಆ ಜಾಗವನ್ನು ಹೊಸದಾಗಿ ಅಳೆಯುತ್ತೇನೆ. 504.2 ಗರಿಷ್ಠವಾಗಿದ್ದರೆ ಕೆಳಗಿನ ತುದಿ 492.2. 498ರ ಕೆಳಗೆ 497.6ಕ್ಕೆ ಕ್ಯಾಂಡಲ್ ಮುಗಿದರೆ ಉಳಿದ ಜಾಗ 5.4, ನಡುಗೆರೆಯವರೆಗಿನ ಅಪಾಯ 2.9. ಅದು ತೆಗೆದುಕೊಳ್ಳಬಹುದಾದ ವ್ಯಾಪಾರ. ಆ ಹೊತ್ತಿಗೆ ಗರಿಷ್ಠ 507 ಆಗಿದ್ದರೆ ತುದಿ 495ಕ್ಕೆ ಏರುತ್ತದೆ, ಜಾಗ 2.6ಕ್ಕೆ ಕುಗ್ಗುತ್ತದೆ, ಆ ದಿನದ ಚಾರ್ಟನ್ನು ಅಲ್ಲಿಗೆ ಮುಚ್ಚುತ್ತೇನೆ.